ಸಂಬಳದ ಚೀಟಿ ಇಲ್ಲದ ತಂದೆಗೆ ಪರಿಹಾರ ಎಷ್ಟು?
ರಸ್ತೆ ಅಪಘಾತ, ದಾಖಲೆಗಳು ಮತ್ತು ನ್ಯಾಯಮಂಡಳಿಯ ಲೆಕ್ಕ



ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ವಿಮೆಯ ಪಾಠ ನಡೆಯುತ್ತಿತ್ತು. ಮೂರನೇ ವ್ಯಕ್ತಿಯ ವಿಮೆ ಎಂದರೇನು ಎಂದು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ನಮ್ಮ ಅಬ್ಬಾ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಅವರಿಗೆ ಸಂಬಳದ ಚೀಟಿ ಇಲ್ಲ, ಅಂಗಡಿಯ ಲೈಸೆನ್ಸೂ ಇಲ್ಲ. ಅಂಥವರಿಗೆ ಏನಾದರೂ ಆದರೆ ಕೋರ್ಟು ಯಾವ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ?"

ಪ್ರಶ್ನೆ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಆದರೆ ನಮ್ಮ ಕಾಲೇಜಿನ ಅನೇಕ ಮಕ್ಕಳ ಮನೆಯ ಪ್ರಶ್ನೆ ಅದು. ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು, ತರಕಾರಿ, ಹೂವು ಮಾರುವವರು, ಆಟೊ ಓಡಿಸುವವರು, ಗಾರೆ ಕೆಲಸಕ್ಕೆ ಹೋಗುವವರು ಎಲ್ಲರೂ ದಿನವಿಡೀ ರಸ್ತೆಯ ಮೇಲೇ ಇರುವವರು. ಅವರ ಆದಾಯ ಕಾಗದದಲ್ಲಿ ಇರುವುದಿಲ್ಲ. ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಅದೂ ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿಯ ಪ್ರಕರಣದಲ್ಲಿಯೇ. ಮೊದಲು ಆ ಪ್ರಕರಣ ನೋಡೋಣ, ನಂತರ ದಾಖಲೆಗಳು, ಕೊನೆಗೆ ಒಂದು ಲೆಕ್ಕ.

ತರಕಾರಿ ವ್ಯಾಪಾರಿಯ ಪ್ರಕರಣ

2008ರಲ್ಲಿ ನಡೆದ ಅಪಘಾತವೊಂದರಲ್ಲಿ ಗಾಯಗೊಂಡವರಲ್ಲಿ 24 ವರ್ಷದ ಒಬ್ಬ ಯುವಕ ಇದ್ದರು. ಅವರ ಉದ್ಯೋಗ ತರಕಾರಿ ವ್ಯಾಪಾರ. ಅಪಘಾತದಲ್ಲಿ ಬಲಗಾಲನ್ನು ಕತ್ತರಿಸಬೇಕಾಯಿತು. ತಿಂಗಳಿಗೆ 10,000 ರೂಪಾಯಿ ದುಡಿಯುತ್ತಿದ್ದೆ ಎಂದು ಅವರು ಹೇಳಿದರು, ಆದರೆ ತೋರಿಸಲು ಕಾಗದ ಇರಲಿಲ್ಲ. ಕೆಳಗಿನ ಹಂತಗಳಲ್ಲಿ ಅವರ ಆದಾಯವನ್ನು ತೀರಾ ಕಡಿಮೆ ಎಂದು ಹಿಡಿಯಲಾಯಿತು. ದುಡಿಯುವ ಶಕ್ತಿಯಲ್ಲಿ ಆದ ನಷ್ಟವನ್ನು ಹೈಕೋರ್ಟ್ ಶೇ 65 ಎಂದು ನಿರ್ಧರಿಸಿತು. ಕಾಲು ಹೋದರೂ ಒಂದೆಡೆ ಕುಳಿತು ತರಕಾರಿ ಮಾರಬಹುದಲ್ಲ ಎಂಬುದು ಅದರ ಹಿಂದಿನ ತರ್ಕ.

2014ರಲ್ಲಿ ಸುಪ್ರೀಂ ಕೋರ್ಟ್ ಈ ಎರಡನ್ನೂ ತಿದ್ದಿತು. ತೀರ್ಪು ನೀಡಿದ ಪೀಠದಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ. ಗೋಪಾಲ ಗೌಡ ಅವರಿದ್ದರು. ಆದಾಯದ ಬಗ್ಗೆ ಕೋರ್ಟ್ ಹೇಳಿದ್ದು ಇಷ್ಟು: ತರಕಾರಿ ಮಾರುವವನಿಂದ ದಾಖಲೆ ಕೇಳುವುದೇ ಸರಿಯಲ್ಲ, ಆ ಕಾಲದ ಬೆಲೆಗಳನ್ನು ನೋಡಿದರೆ ಒಬ್ಬ ತರಕಾರಿ ವ್ಯಾಪಾರಿ ತಿಂಗಳಿಗೆ 6,500 ರೂಪಾಯಿ ದುಡಿಯಬಲ್ಲ ಎಂದು ನಂಬಲು ಅಡ್ಡಿಯಿಲ್ಲ. ಇದಕ್ಕೆ ಆಧಾರವಾಗಿ 2011ರ ಇನ್ನೊಂದು ತೀರ್ಪನ್ನು ಕೋರ್ಟ್ ನೆನೆಯಿತು. ಅದೂ ಕರ್ನಾಟಕದಿಂದ ಹೋದ ಪ್ರಕರಣ. ಅದರಲ್ಲಿ 2004ರಲ್ಲಿ ಗಾಯಗೊಂಡಿದ್ದ ಒಬ್ಬ ಕೂಲಿ ಕಾರ್ಮಿಕರಿಗೆ ತಿಂಗಳಿಗೆ 4,500 ರೂಪಾಯಿ ಆದಾಯ ಒಪ್ಪಲಾಗಿತ್ತು. ನಾಲ್ಕು ವರ್ಷಗಳ ನಂತರದ ವ್ಯಾಪಾರಿಗೆ ಅದಕ್ಕಿಂತ ಹೆಚ್ಚು ಬರುವುದು ಸಹಜವೇ.

ಕಾಲಿನ ವಿಷಯದಲ್ಲಿ ಕೋರ್ಟ್ ಇನ್ನೂ ಹತ್ತಿರದಿಂದ ನೋಡಿತು. ತರಕಾರಿ ವ್ಯಾಪಾರ ಎಂದರೆ ಬರೀ ಕುಳಿತು ತೂಗಿ ಕೊಡುವುದಲ್ಲ. ಸಗಟು ಮಾರುಕಟ್ಟೆಗೋ ರೈತರ ಬಳಿಗೋ ಹೋಗಿ ಮಾಲು ತರಬೇಕು. ಗಾಡಿ ತಳ್ಳುವವರಿಗಂತೂ ದಿನವಿಡೀ ಓಡಾಟ. ಒಂದೇ ಕಡೆ ಕುಳಿತು ಮಾರುತ್ತಾರೆ ಎಂದುಕೊಂಡರೂ ಅಲ್ಲಿಗೆ ಮಾಲು ತರಲು ಕಾಲು ಬೇಕೇ ಬೇಕು. ಈ ಕಾರಣಕ್ಕೆ ದುಡಿಯುವ ಶಕ್ತಿಯ ನಷ್ಟವನ್ನು ಕೋರ್ಟ್ ಶೇ 85ಕ್ಕೆ ಏರಿಸಿತು. ಮುಂದಿನ ದುಡಿಮೆಯ ನಷ್ಟ ಒಂದರ ಬಾಬ್ತಿಗೇ 17,90,100 ರೂಪಾಯಿ ಆಯಿತು.

ಸಾರಕ್ಕಿಯಿಂದ ನಸುಕಿನಲ್ಲೇ ಎದ್ದು ಕಲಾಸಿಪಾಳ್ಯಕ್ಕೆ ಹೋಗಿ ಮಾಲು ತರುವವರ ಮಕ್ಕಳಿಗೆ ಈ ತರ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೆನಪಿಡಬೇಕಾದದ್ದು ಇಷ್ಟೆ: ಪರಿಹಾರದ ಮೊತ್ತ ಗಾಯದ ದೊಡ್ಡತನದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಆ ಗಾಯ ಆ ಮನುಷ್ಯನ ಕೆಲಸಕ್ಕೆ ಏನು ಮಾಡಿತು ಎಂಬುದರಿಂದ ತೀರ್ಮಾನವಾಗುತ್ತದೆ.

ಅರ್ಜಿ ಎಲ್ಲಿ, ಯಾರ ಮೇಲೆ, ಯಾವಾಗ

ರಸ್ತೆ ಅಪಘಾತದ ಪರಿಹಾರಕ್ಕೆಂದೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿವೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ಕೆಲಸ ಮಾಡುತ್ತಾರೆ. ಇಲ್ಲಿ ದಾಖಲಾಗುವ ಪ್ರಕರಣಕ್ಕೆ 'ಎಂವಿಸಿ' ಎಂಬ ಸಂಖ್ಯೆ ಬೀಳುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 166ನೇ ಕಲಮಿನ ಅಡಿ ಗಾಯಾಳು ಅಥವಾ ಮೃತರ ವಾರಸುದಾರರು ಅರ್ಜಿ ಹಾಕಬಹುದು. ಅಪಘಾತ ತುಮಕೂರು ರಸ್ತೆಯಲ್ಲಿ ನಡೆದಿದ್ದರೂ ಅರ್ಜಿದಾರರು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ನ್ಯಾಯಮಂಡಳಿಯಲ್ಲಿ ಹಾಕಲು ಅವಕಾಶವಿದೆ. ಎದುರುದಾರರು ಡಿಕ್ಕಿ ಹೊಡೆದ ವಾಹನದ ಮಾಲೀಕರು ಮತ್ತು ಆ ವಾಹನದ ವಿಮಾ ಕಂಪನಿ. ಹಣ ಕೊಡುವುದು ಸಾಮಾನ್ಯವಾಗಿ ವಿಮಾ ಕಂಪನಿ, ಏಕೆಂದರೆ ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ.

ಸಮಯದ ವಿಷಯದಲ್ಲಿ ಎಚ್ಚರ ಬೇಕು. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಆದರೂ ಅದನ್ನೇ ನಂಬಿ ಯಾರೂ ತಡ ಮಾಡಬಾರದು. ಗಾಯ ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ ಎಂದು ಕಾಯುವುದು ಬೇಡ. ಅರ್ಜಿ ಮೊದಲು ಹಾಕಿ, ನಂತರದ ಬಿಲ್ಲುಗಳನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು.

ಡಿಕ್ಕಿ ಹೊಡೆದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ ದಾರಿ ಬೇರೆ. ಆಗ ಸರ್ಕಾರದ ಯೋಜನೆಯಡಿ ಮರಣಕ್ಕೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅದಕ್ಕಿಂತ ಹೆಚ್ಚಿಲ್ಲ. ಅಪಘಾತದ ಕ್ಷಣದಲ್ಲಿ ಯಾರಾದರೂ ವಾಹನದ ನಂಬರ್ ಬರೆದುಕೊಳ್ಳುವುದು ಏಕೆ ಮುಖ್ಯ ಎಂಬುದು ಈ ಮೊತ್ತದಿಂದಲೇ ತಿಳಿಯುತ್ತದೆ.

ದಾಖಲೆಗಳ ಮೂರು ಕಟ್ಟು

ಬೇಕಾಗುವ ಕಾಗದಗಳನ್ನು ಮೂರು ಕಟ್ಟುಗಳಾಗಿ ನೆನಪಿಟ್ಟುಕೊಳ್ಳಿ. ಪ್ರತಿ ಕಟ್ಟು ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ.

ಮೊದಲ ಕಟ್ಟು ಪೊಲೀಸರದ್ದು. ಅದು 'ತಪ್ಪು ಯಾರದು' ಎಂಬ ಪ್ರಶ್ನೆಗೆ ಉತ್ತರ. ಇದರಲ್ಲಿ ದೂರು ಮತ್ತು ಎಫ್‌ಐಆರ್, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ ಮತ್ತು ದೋಷಾರೋಪ ಪಟ್ಟಿ ಇರುತ್ತವೆ. ಈ ಎಲ್ಲದರ ದೃಢೀಕೃತ ಪ್ರತಿಗಳು ಬೇಕು. 2022ರ ನಿಯಮಗಳ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ಸವಿವರ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕಳುಹಿಸಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ನಿರ್ದೇಶನ ಕೊಟ್ಟಿತು. ಆದ್ದರಿಂದ ಠಾಣೆಯಲ್ಲಿ ಈ ವರದಿಗಳ ಬಗ್ಗೆ ಕೇಳುವ ಹಕ್ಕು ಮನೆಯವರಿಗೆ ಇದೆ.

ಎರಡನೆಯ ಕಟ್ಟು ಆಸ್ಪತ್ರೆಯದ್ದು. ಅದು 'ಎಷ್ಟು ಪೆಟ್ಟಾಯಿತು, ಎಷ್ಟು ಖರ್ಚಾಯಿತು' ಎಂಬುದಕ್ಕೆ ಉತ್ತರ. ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ ಫಿಲ್ಮುಗಳು, ಔಷಧ ಚೀಟಿಗಳು, ಮೂಲ ಬಿಲ್ಲುಗಳು, ಕೊನೆಗೆ ವೈದ್ಯರು ಕೊಡುವ ಅಂಗವೈಕಲ್ಯದ ಪ್ರಮಾಣಪತ್ರ ಇದರಲ್ಲಿ ಸೇರುತ್ತವೆ. ಮೆಡಿಕಲ್ ಅಂಗಡಿಯ ಬಿಲ್ಲು ಇದ್ದು, ಆ ಔಷಧವನ್ನು ಬರೆದುಕೊಟ್ಟ ಚೀಟಿ ಇಲ್ಲದಿದ್ದರೆ ವಿಮಾ ಕಂಪನಿಯ ವಕೀಲರು ಅದನ್ನೇ ಹಿಡಿದು ಪ್ರಶ್ನೆ ಕೇಳುತ್ತಾರೆ. ಬಿಲ್ಲು ಮತ್ತು ಚೀಟಿಯನ್ನು ಒಟ್ಟಿಗೆ ಪಿನ್ ಮಾಡಿಟ್ಟು, ತಾರೀಖಿನ ಪ್ರಕಾರ ಒಂದು ನೋಟ್‌ಬುಕ್‌ನಲ್ಲಿ ಪಟ್ಟಿ ಮಾಡುವುದು ಮನೆಯಲ್ಲಿ ಓದುವ ಮಕ್ಕಳು ಮಾಡಬಹುದಾದ ಕೆಲಸ. ಕೆಲವು ಬಿಲ್ಲುಗಳ ಅಕ್ಷರ ತಿಂಗಳುಗಳಲ್ಲಿ ಮಾಸಿಹೋಗುತ್ತದೆ. ಅಂಥವುಗಳ ಜೆರಾಕ್ಸ್ ಮೊದಲೇ ಮಾಡಿಸಿ, ಮೂಲದ ಜೊತೆ ಇಡಿ.

ಮೂರನೆಯ ಕಟ್ಟು ಮನೆಯದ್ದು. ಅದು 'ಈ ವ್ಯಕ್ತಿಯ ವಯಸ್ಸೆಷ್ಟು, ದುಡಿಮೆ ಎಷ್ಟು' ಎಂಬುದಕ್ಕೆ ಉತ್ತರ. ಬೀದಿಬದಿ ವ್ಯಾಪಾರಿಗಳಿಗೆ ಪಾಲಿಕೆ ಕೊಟ್ಟ ಗುರುತಿನ ಚೀಟಿ, ಸ್ವನಿಧಿ ಸಾಲ ಪಡೆದಿದ್ದರೆ ಅದರ ಕಾಗದ, ಬ್ಯಾಂಕ್ ಪಾಸ್‌ಬುಕ್, ಗಾಡಿಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಬಂದ ಹಣದ ವಿವರ, ಸಗಟು ಮಂಡಿಯ ಚೀಟಿಗಳು, ಚೀಟಿ ಫಂಡಿಗೆ ಕಟ್ಟಿದ ಲೆಕ್ಕ, ಇವೆಲ್ಲ ಸಾಕ್ಷ್ಯವೇ. ಯಾವುದೂ ಒಂಟಿಯಾಗಿ ಆದಾಯವನ್ನು ಸಾಬೀತು ಮಾಡದಿದ್ದರೂ 'ಈತ ಈ ಕೆಲಸ ಮಾಡುತ್ತಿದ್ದ' ಎಂಬುದನ್ನು ಗಟ್ಟಿ ಮಾಡುತ್ತವೆ. ಏನೂ ಇಲ್ಲದಿದ್ದರೆ ನ್ಯಾಯಮಂಡಳಿ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಲೋಕ ಅದಾಲತ್‌ಗಳ ಬಳಕೆಗೆ ಕರ್ನಾಟಕದಲ್ಲಿ ವರ್ಷವಾರು ಅಂದಾಜು ಆದಾಯದ ಪಟ್ಟಿಯೊಂದಿದೆ. ನ್ಯಾಯಮಂಡಳಿಗಳೂ ಹೈಕೋರ್ಟೂ ಅದನ್ನು ನೋಡಿಕೊಳ್ಳುವುದು ರೂಢಿಯಲ್ಲಿದೆ. ಆದ್ದರಿಂದ ಅಪಘಾತ ನಡೆದ ವರ್ಷ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ವಯಸ್ಸಿನ ವಿಷಯದಲ್ಲಿ ಒಂದು ಮಾತು. ಆಧಾರ್ ಕಾರ್ಡು ಗುರುತಿಗೆ ಮಾತ್ರ, ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪರಿಹಾರ ಪ್ರಕರಣದಲ್ಲಿ ಹೇಳಿ, ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿದ್ದ ದಿನಾಂಕವನ್ನು ಒಪ್ಪಿತು. ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ. ಅಂದಾಜಿನಲ್ಲಿ ಬರೆಸಿದ್ದು. ನಾಲ್ಕನೇ ತರಗತಿಯವರೆಗೆ ಓದಿದ್ದರೂ ಸಾಕು, ಊರಿನ ಶಾಲೆಯ ದಾಖಲಾತಿ ಪುಸ್ತಕದಿಂದ ವಯಸ್ಸಿನ ಪುರಾವೆ ತರಿಸಬಹುದು. ಮೂರು ವರ್ಷದ ವ್ಯತ್ಯಾಸ ಎಷ್ಟು ಹಣವಾಗುತ್ತದೆ ಎಂಬುದನ್ನು ಕೆಳಗಿನ ಲೆಕ್ಕದಲ್ಲಿ ನೋಡುವಿರಿ.

ಆಸ್ಪತ್ರೆಯಲ್ಲಿ ಬರೆಯುವ ಮೊದಲ ಸಾಲು

ಅನೇಕ ಪ್ರಕರಣಗಳು ದುರ್ಬಲವಾಗುವುದು ಕೋರ್ಟಿನಲ್ಲಿ ಅಲ್ಲ, ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಅಲ್ಲಿ ವೈದ್ಯರು 'ಹೇಗಾಯಿತು?' ಎಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಗಾಬರಿಯಲ್ಲಿ ಜೊತೆಗೆ ಬಂದವರು 'ಬಿದ್ದುಬಿಟ್ಟರು' ಎಂದಷ್ಟೇ ಹೇಳುತ್ತಾರೆ. ಪೊಲೀಸ್ ಕೇಸು ಎಂದರೆ ಚಿಕಿತ್ಸೆ ತಡವಾಗುತ್ತದೆ ಎಂಬ ಭಯವೂ ಇರುತ್ತದೆ. 'ತಾನಾಗಿ ಬಿದ್ದು ಗಾಯ' ಎಂಬ ಸಾಲು ದಾಖಲೆಗೆ ಸೇರುತ್ತದೆ. ಒಂದು ವಾರದ ನಂತರ ಟೆಂಪೊ ಡಿಕ್ಕಿ ಹೊಡೆಯಿತು ಎಂದು ದೂರು ಕೊಟ್ಟರೆ, ಈ ಟೆಂಪೊವನ್ನು ಆಮೇಲೆ ತಂದು ಸೇರಿಸಿದ್ದಾರೆ ಎಂದು ವಿಮಾ ಕಂಪನಿ ವಾದಿಸುತ್ತದೆ.

ಆದ್ದರಿಂದ ಎಷ್ಟೇ ಅವಸರವಿದ್ದರೂ 'ಇಂಥ ಜಾಗದಲ್ಲಿ, ಇಂಥ ವಾಹನ ಡಿಕ್ಕಿ ಹೊಡೆಯಿತು' ಎಂದು ಹೇಳಿ ಬರೆಸಬೇಕು. ವಾಹನದ ನಂಬರ್ ಗೊತ್ತಿದ್ದರೆ ಅದನ್ನೂ ಹೇಳಬೇಕು. ದೂರು ತಡವಾದರೆ ಅದೊಂದೇ ಕಾರಣಕ್ಕೆ ಅರ್ಜಿ ವಜಾ ಆಗುವುದಿಲ್ಲ, ಆದರೆ ತಡವಾದದ್ದೇಕೆ ಎಂಬ ಕಾರಣವನ್ನು ದೂರಿನಲ್ಲೇ ಬರೆಯಬೇಕು. ರಸ್ತೆಯಲ್ಲೇ ಚಾಲಕ ಐದು ಸಾವಿರ, ಹತ್ತು ಸಾವಿರ ಕೈಗಿಟ್ಟು 'ಕೇಸು ಬೇಡ ಭಾಯ್, ಖರ್ಚು ನೋಡಿಕೊಳ್ಳುತ್ತೇನೆ' ಎನ್ನುವುದುಂಟು. ಮೂಳೆ ಮುರಿದಿದೆಯೋ ಇಲ್ಲವೋ ಎಂಬುದು ಆ ಕ್ಷಣದಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ನ್ಯಾಯಮಂಡಳಿ ಲೆಕ್ಕ ಹಾಕುವ ಬಗೆ

ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ತಪ್ಪನ್ನು ಸಾಬೀತು ಮಾಡಬೇಕು. ಇಲ್ಲಿ ಅಷ್ಟು ಬೇಡ. ಎರಡು ಕಡೆಯ ಮಾತು ಕೇಳಿದಾಗ ಯಾವುದು ಹೆಚ್ಚು ಸಂಭವನೀಯ ಎನಿಸುತ್ತದೋ ಅದು ಸಾಕು. ಅರ್ಜಿದಾರರು ತಾವೇ ಸಾಕ್ಷಿ ನುಡಿಯುತ್ತಾರೆ, ವೈದ್ಯರನ್ನು ಸಾಕ್ಷಿಯಾಗಿ ಕರೆಸುತ್ತಾರೆ, ವಿಮಾ ಕಂಪನಿಯ ವಕೀಲರು ಪಾಟೀಸವಾಲು ಮಾಡುತ್ತಾರೆ. ಚಾಲಕನ ನಿರ್ಲಕ್ಷ್ಯ ಸಾಬೀತಾದ ಮೇಲೆ ಮೊತ್ತದ ಪ್ರಶ್ನೆ ಬರುತ್ತದೆ.

ಮುಂದಿನ ದುಡಿಮೆಯ ನಷ್ಟಕ್ಕೆ ನಾಲ್ಕು ಅಂಕಿಗಳು ಬೇಕು.

ಒಂದು, ತಿಂಗಳ ಆದಾಯ. ಎರಡು, ಭವಿಷ್ಯದಲ್ಲಿ ಆದಾಯ ಏರುವ ಸಾಧ್ಯತೆಗಾಗಿ ಸೇರಿಸುವ ಪಾಲು. ಪ್ರಣಯ್ ಸೇಠಿ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ನಿಗದಿ ಮಾಡಿತು. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗಿದ್ದರೆ ಶೇ 40, ಅಲ್ಲಿಂದ 50ರವರೆಗೆ ಶೇ 25, 50ರಿಂದ 60ರವರೆಗೆ ಶೇ 10. ಮೇಲೆ ಹೇಳಿದ ತರಕಾರಿ ವ್ಯಾಪಾರಿಗೆ 2014ರಲ್ಲಿ ಶೇ 50 ಸೇರಿಸಲಾಗಿತ್ತು. ಇಂದು ಅದೇ ವಯಸ್ಸಿನವರಿಗೆ ಶೇ 40 ಸಿಗುತ್ತದೆ. ಪ್ರಣಯ್ ಸೇಠಿ ತೀರ್ಪು ಮರಣದ ಪ್ರಕರಣದಲ್ಲಿ ಬಂದದ್ದು. ಶಾಶ್ವತ ಅಂಗವೈಕಲ್ಯವಾದವರಿಗೂ ಈ ಪಾಲನ್ನು ಸೇರಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಮೂರು, ಗುಣಕ. ಇನ್ನೆಷ್ಟು ವರ್ಷದ ದುಡಿಮೆಯನ್ನು ಈಗಲೇ ಒಟ್ಟಿಗೆ ಕೊಡಬೇಕು ಎಂಬುದರ ಅಂಕಿ ಅದು. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಇದರ ಪಟ್ಟಿ ಬಂತು. 15ರಿಂದ 25 ವಯಸ್ಸಿಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13. ವಯಸ್ಸು ಹೆಚ್ಚಿದಂತೆ ಇಳಿಯುತ್ತಾ ಹೋಗಿ 65 ದಾಟಿದವರಿಗೆ 5 ಆಗುತ್ತದೆ. 38 ವರ್ಷದವರು ಇನ್ನೂ 20 ವರ್ಷ ದುಡಿಯಬಹುದಲ್ಲ, 15 ಮಾತ್ರ ಏಕೆ ಎಂದು ನೀವು ಕೇಳಬಹುದು. ಮುಂದಿನ ವರ್ಷಗಳ ಹಣ ಈಗಲೇ ಒಟ್ಟಿಗೆ ಕೈಗೆ ಬರುತ್ತದೆ, ಜೊತೆಗೆ ಬದುಕಿನ ಅನಿಶ್ಚಿತತೆಯೂ ಇದೆ ಎಂಬ ಕಾರಣಕ್ಕೆ ಈ ಕಡಿತ.

ನಾಲ್ಕು, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತು ಎಂಬುದು. ಹೆಚ್ಚು ವಾದ ನಡೆಯುವುದು ಇಲ್ಲಿಯೇ. ವೈದ್ಯರು 'ಬಲಗಾಲಿಗೆ ಶೇ 36' ಎಂದು ಹೇಳಿದರೆ ಅದು ಕಾಲಿನ ಲೆಕ್ಕ. ಇಡೀ ದೇಹಕ್ಕೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಅಂದರೆ ಶೇ 12 ಎಂದು ಹಿಡಿಯುವ ರೂಢಿ ಇದೆ. ಆದರೆ ಅಲ್ಲಿಗೆ ನಿಲ್ಲಬಾರದು ಎಂದು ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಕೊಟ್ಟ ಉದಾಹರಣೆ ಸರಳವಾಗಿದೆ: ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು. ಅದೇ ಗಾಯ ಕಚೇರಿಯ ಗುಮಾಸ್ತನಿಗೆ ಆದರೆ ಅವನ ಕೆಲಸ ಉಳಿಯಬಹುದು. ಗಾಯ ಒಂದೇ, ನಷ್ಟ ಬೇರೆ.

ಒಂದು ಲೆಕ್ಕ ಮಾಡಿ ನೋಡೋಣ

ಇದು ಪಾಠಕ್ಕಾಗಿ ಮಾಡಿಕೊಂಡ ಉದಾಹರಣೆ. 38 ವರ್ಷದ ತರಕಾರಿ ವ್ಯಾಪಾರಿ ಬೆಳಗ್ಗೆ ಸಾರಕ್ಕಿ ಸಿಗ್ನಲ್ ಬಳಿ ಗಾಡಿ ತಳ್ಳುತ್ತಾ ಹೋಗುವಾಗ ಹಿಂದಿನಿಂದ ಬಂದ ಸರಕು ಟೆಂಪೊ ಡಿಕ್ಕಿ ಹೊಡೆಯಿತು ಎಂದಿಟ್ಟುಕೊಳ್ಳಿ. ಬಲಗಾಲಿನ ಎರಡೂ ಮೂಳೆ ಮುರಿದು, ಪ್ಲೇಟು ಹಾಕಲಾಯಿತು. 12 ದಿನ ಆಸ್ಪತ್ರೆ, ನಾಲ್ಕು ತಿಂಗಳು ವ್ಯಾಪಾರ ಇಲ್ಲ. ಬಿಲ್ಲುಗಳ ಮೊತ್ತ 1,86,000 ರೂಪಾಯಿ. ಕಾಗದ ಇಲ್ಲದ್ದರಿಂದ ನ್ಯಾಯಮಂಡಳಿ ತಿಂಗಳ ಆದಾಯ 16,000 ಎಂದು ಹಿಡಿಯಿತು ಎನ್ನೋಣ.

ಆದಾಯಕ್ಕೆ ಶೇ 40 ಸೇರಿಸಿದರೆ 22,400. ವರ್ಷಕ್ಕೆ 12ರಿಂದ ಗುಣಿಸಿದರೆ 2,68,800. ಗುಣಕ 15ರಿಂದ ಗುಣಿಸಿದರೆ 40,32,000. ಇದು ದುಡಿಯುವ ಶಕ್ತಿ ಪೂರ್ತಿ ಹೋಗಿದ್ದರೆ ಸಿಗುತ್ತಿದ್ದ ಮೊತ್ತ. ಇಡೀ ದೇಹಕ್ಕೆ ಶೇ 12 ಎಂದಷ್ಟೇ ತೆಗೆದುಕೊಂಡರೆ ಇದರಲ್ಲಿ 4,83,840 ರೂಪಾಯಿ ಬರುತ್ತದೆ. ಆದರೆ ಈತ ಇನ್ನು ಮುಂದೆ ಗಾಡಿ ತಳ್ಳಲಾರ, ಮೂಟೆ ಹೊತ್ತು ಮೆಟ್ಟಿಲು ಹತ್ತಲಾರ ಎಂದು ವೈದ್ಯರು ಸಾಕ್ಷ್ಯದಲ್ಲಿ ವಿವರಿಸಿ, ನ್ಯಾಯಮಂಡಳಿ ದುಡಿಮೆಯ ನಷ್ಟವನ್ನು ಶೇ 20 ಎಂದು ಒಪ್ಪಿದರೆ ಅದೇ ಬಾಬ್ತು 8,06,400 ಆಗುತ್ತದೆ. ಕಾಲೂ ಅದೇ, ಎಕ್ಸ್‌ರೇಯೂ ಅದೇ. ಕೆಲಸದ ಬಗ್ಗೆ ನಾಲ್ಕು ಮಾತು ಸಾಕ್ಷ್ಯದಲ್ಲಿ ಬಂದದ್ದರಿಂದ 3,22,560 ರೂಪಾಯಿಯ ವ್ಯತ್ಯಾಸ.

ಇದಕ್ಕೆ ಉಳಿದ ಬಾಬ್ತುಗಳು ಸೇರುತ್ತವೆ. ವೈದ್ಯಕೀಯ ಖರ್ಚು 1,86,000. ನಾಲ್ಕು ತಿಂಗಳ ದುಡಿಮೆ 64,000. ಆರೈಕೆ, ಪೌಷ್ಟಿಕ ಆಹಾರ, ಓಡಾಟಕ್ಕೆ 20,000. ನೋವು ಮತ್ತು ಯಾತನೆಗೆ 50,000. ಮೊದಲಿನಂತೆ ನೆಲದ ಮೇಲೆ ಕೂರಲಾಗದ, ಓಡಾಡಲಾಗದ ಬದುಕಿನ ಸುಖದ ನಷ್ಟಕ್ಕೆ 40,000 ಎಂದಿಟ್ಟುಕೊಳ್ಳಿ. ಈ ಕೊನೆಯ ಮೂರಕ್ಕೆ ಸೂತ್ರವಿಲ್ಲ, ನ್ಯಾಯಾಧೀಶರ ವಿವೇಚನೆ. ಒಟ್ಟು 11,66,400 ರೂಪಾಯಿ. ಅರ್ಜಿ ಹಾಕಿದ ದಿನದಿಂದ ಇದರ ಮೇಲೆ ಬಡ್ಡಿಯೂ ಸೇರುತ್ತದೆ.

ಈಗ ವಯಸ್ಸಿಗೆ ಬರೋಣ. ಶಾಲೆಯ ಕಾಗದ ತಾರದೆ ಆಧಾರ್‌ನಲ್ಲಿದ್ದಂತೆ 41 ವರ್ಷ ಎಂದು ಹಿಡಿದಿದ್ದರೆ? ಆಗ ಸೇರಿಸುವ ಪಾಲು ಶೇ 25ಕ್ಕೆ, ಗುಣಕ 14ಕ್ಕೆ ಇಳಿಯುತ್ತದೆ. 20,000 × 12 × 14, ಅದರ ಶೇ 20 ಎಂದರೆ 6,72,000. ಒಂದು ಹಳೆಯ ಶಾಲಾ ದಾಖಲೆ ಇಲ್ಲದ್ದರಿಂದ 1,34,400 ರೂಪಾಯಿ ಕಡಿಮೆ.

ಇನ್ನೊಂದು ಸಾಧ್ಯತೆ. ಈತ ಸಿಗ್ನಲ್ ಬಿಟ್ಟಾಗ ಅಡ್ಡ ದಾಟುತ್ತಿದ್ದ ಎಂದು ನಕ್ಷೆಯಿಂದ ತಿಳಿದು, ಶೇ 25ರಷ್ಟು ತಪ್ಪು ಅವನದ್ದೇ ಎಂದು ತೀರ್ಮಾನವಾದರೆ 11,66,400ರಲ್ಲಿ ಅಷ್ಟು ಕಳೆದು 8,74,800 ಮಾತ್ರ ಸಿಗುತ್ತದೆ. ಸ್ಥಳ ಮಹಜರು ಮತ್ತು ನಕ್ಷೆಯ ಪ್ರತಿಯನ್ನು ತರಿಸಿ ಓದಬೇಕು ಎನ್ನುವುದು ಇದಕ್ಕಾಗಿಯೇ. ವಾಹನ ನಿಂತ ಜಾಗ, ಗಾಡಿ ಬಿದ್ದ ಜಾಗ ತಪ್ಪಾಗಿ ಬರೆದಿದ್ದರೆ ಅದನ್ನು ಆಗಲೇ ಎತ್ತಬೇಕು.

ಮರಣವಾದಾಗ ಲೆಕ್ಕದ ರೀತಿ ಇದೇ, ಆದರೆ ಶೇಕಡಾ ಅಂಗವೈಕಲ್ಯದ ಬದಲು ಮೃತರ ಸ್ವಂತ ಖರ್ಚನ್ನು ಕಳೆಯುತ್ತಾರೆ. ಅವಲಂಬಿತರು ಇಬ್ಬರು ಮೂವರಿದ್ದರೆ ಮೂರನೇ ಒಂದು ಭಾಗ, ನಾಲ್ಕರಿಂದ ಆರು ಮಂದಿ ಇದ್ದರೆ ನಾಲ್ಕನೇ ಒಂದು ಭಾಗ, ಮದುವೆಯಾಗದವರಾಗಿದ್ದರೆ ಸಾಮಾನ್ಯವಾಗಿ ಅರ್ಧ. ಮನೆಯಲ್ಲಿ ಯಾರೆಲ್ಲ ಅವಲಂಬಿತರು ಎಂಬುದನ್ನು ತೋರಿಸಲು ಪಡಿತರ ಚೀಟಿ ಆಗ ಮುಖ್ಯ ಕಾಗದವಾಗುತ್ತದೆ.

ತೀರ್ಪಿನ ನಂತರ

ತೀರ್ಪಾದ ಮೇಲೆ ವಿಮಾ ಕಂಪನಿ 30 ದಿನದೊಳಗೆ ಹಣ ಠೇವಣಿ ಇಡಬೇಕು. ನ್ಯಾಯಮಂಡಳಿ ಒಂದು ಭಾಗವನ್ನು ಅರ್ಜಿದಾರರ ಬ್ಯಾಂಕ್ ಖಾತೆಗೆ ಬಿಡುಗಡೆ ಮಾಡಿ, ಉಳಿದದ್ದನ್ನು ಕೆಲವು ವರ್ಷ ನಿಶ್ಚಿತ ಠೇವಣಿಯಲ್ಲಿ ಇಡಲು ಹೇಳುವುದುಂಟು. ಮೊತ್ತ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ತರಕಾರಿ ವ್ಯಾಪಾರಿ ಅಲ್ಲಿಂದಲೂ ಮುಂದೆ ಹೋದದ್ದರಿಂದಲೇ ಶೇ 65 ಇದ್ದದ್ದು ಶೇ 85 ಆಯಿತು.

ವಕೀಲರ ವಿಷಯದಲ್ಲಿ ಒಂದು ಎಚ್ಚರಿಕೆ. ಆಸ್ಪತ್ರೆಯ ಬಾಗಿಲಲ್ಲೇ ಬಂದು 'ಎಲ್ಲ ನಾನು ಮಾಡಿಸಿಕೊಡುತ್ತೇನೆ' ಎನ್ನುವ ಮಧ್ಯವರ್ತಿಗಳಿಗೆ ಮೂಲ ಬಿಲ್ಲುಗಳನ್ನು ಕೊಡಬೇಡಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ವಕೀಲರಿಗೆ ಕೊಡುವ ಪ್ರತಿ ಕಾಗದದ ಪಟ್ಟಿ ಮಾಡಿ, ಎಂವಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ವಕೀಲರ ಶುಲ್ಕ ಕೊಡಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಇದಕ್ಕೆ ಅರ್ಹರು. ಸಹಾಯವಾಣಿ 15100.

ತರಗತಿಯಲ್ಲಿ ಆ ದಿನ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಮರುದಿನ ಬಂದು ಹೇಳಿದಳು: "ಸರ್, ಅಬ್ಬಾ ನಾಲ್ಕನೇ ಕ್ಲಾಸ್ ಓದಿದ ಶಾಲೆ ಊರಿನಲ್ಲಿ ಇನ್ನೂ ಇದೆಯಂತೆ. ಈ ಸಲ ರಜೆಗೆ ಹೋದಾಗ ಪ್ರಮಾಣಪತ್ರ ತರುತ್ತೇವೆ. ಪಾಲಿಕೆಯ ಗುರುತಿನ ಚೀಟಿ ಟ್ರಂಕಿನಲ್ಲಿ ಇತ್ತು, ತೆಗೆದಿಟ್ಟೆ." ಆ ಕಾಗದಗಳು ಎಂದೂ ಉಪಯೋಗಕ್ಕೆ ಬಾರದೇ ಇರಲಿ. ಆದರೆ ಅವು ಎಲ್ಲಿವೆ ಎಂಬುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.